ನಕ್ಷೆಯ ಅಂಚಿನಲ್ಲಿ ಬರೆದ ಮಾತು

ಚೆನ್ನೈಯಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರು ಸೇಂಟ್ ಥಾಮಸ್ ಮೌಂಟನ್ನು ನಿತ್ಯವೂ ಹಾದುಹೋಗುತ್ತೇವೆ. 1802ರ ಏಪ್ರಿಲಿನಲ್ಲಿ ವಿಲಿಯಂ ಲ್ಯಾಂಬ್ಟನ್ ಅದರ ಬಳಿಯ ಬಯಲಿನಲ್ಲಿ ಉಕ್ಕಿನ ಸರಪಳಿ ಹಾಸಿ, ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆಯತೊಡಗಿದನು. ಆ ರೇಖೆಯಿಂದ ಹೊರಟ ತ್ರಿಕೋನಗಳ ಜಾಲವು 1804ರಲ್ಲಿ ಬೆಂಗಳೂರನ್ನು ಮುಟ್ಟಿತು. ಅಲ್ಲಿ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದಾಗ, ಲೆಕ್ಕದಿಂದ ಬಂದ ಉದ್ದಕ್ಕೂ ಅಳತೆಗೂ ಇದ್ದ ಅಂತರ ನಾಲ್ಕು ಅಂಗುಲದೊಳಗಿತ್ತು. ಜಾಲ ಎಷ್ಟು ನಿಖರ ಎಂಬುದಕ್ಕೆ ಇದು ಸ್ವತಂತ್ರ ಸಾಕ್ಷಿಯಾಯಿತು.

ಆದರೆ ಭೂಮಿಯ ಮೇಲೆ ಆ ಜಾಲದ ಸ್ಥಾನ ಯಾವುದು ಎಂಬುದು ಬೇರೆಯೇ ಪ್ರಶ್ನೆ. ಅದರ ರೇಖಾಂಶಗಳಿಗೆ ಮದ್ರಾಸಿನ ವೀಕ್ಷಣಾಲಯವೇ ಆಧಾರ. ಹಿಂದೆ ಅದರ ರೇಖಾಂಶವನ್ನು 80°17′21″ ಎಂದು ಹಿಡಿಯಲಾಗಿತ್ತು. ಮುಂದೆ ತಂತಿಯ ಮೂಲಕ ಎರಡು ಊರುಗಳ ಕಾಲವನ್ನು ಹೋಲಿಸಲು ಸಾಧ್ಯವಾದ ಮೇಲೆ ಅದು 80°14′47″ ಎಂದು ತಿಳಿಯಿತು. ನಮ್ಮ ಅಕ್ಷಾಂಶದಲ್ಲಿ ಈ ವ್ಯತ್ಯಾಸವೆಂದರೆ ನೆಲದ ಮೇಲೆ ಸುಮಾರು ನಾಲ್ಕೂವರೆ ಕಿಲೋಮೀಟರು. ಅಚ್ಚಾದ ಹಾಳೆಗಳನ್ನೆಲ್ಲ ಮತ್ತೆ ಬರೆಯುವುದು ಆಗದ ಮಾತು. ಆದ್ದರಿಂದ ಸರ್ವೇ ಇಲಾಖೆಯ ಎಷ್ಟೋ ಹಳೆಯ ಹಾಳೆಗಳ ಅಂಚಿನಲ್ಲಿ, ರೇಖಾಂಶದಿಂದ ಇಷ್ಟು ಕಳೆಯಬೇಕು ಎಂಬ ಟಿಪ್ಪಣಿ ಸೇರಿತು.

ಇಂದು ಅಂತಹ ಹಾಳೆಯೊಂದನ್ನು ಸ್ಕ್ಯಾನ್ ಮಾಡುವವರು ಅಂದಕ್ಕಾಗಿ ಅಂಚನ್ನು ಕತ್ತರಿಸಿದರೆನ್ನೋಣ. ಮುದ್ರಿತ ರೇಖಾಂಶಗಳನ್ನು ನಂಬಿ ಅದನ್ನು ಉಪಗ್ರಹಚಿತ್ರದ ಮೇಲೆ ಹೊಂದಿಸಿದರೆ ಊರು, ಕೆರೆ, ಗುಡ್ಡ ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಪೂರ್ವಕ್ಕೆ ಸರಿದಿರುತ್ತವೆ. ದೋಷ ನೆಲದ್ದಲ್ಲ, ಮೂಲಮಾನದ್ದು ಎಂಬುದಕ್ಕೆ ಇದೇ ಗುರುತು. ರೇಖಾಂಶವನ್ನು ತಿದ್ದಿದ ಮೇಲೂ ಬೆಂಗಳೂರಿನ ಸುತ್ತ ನೂರು ಮೀಟರಿಗೂ ಮಿಕ್ಕ ಅಂತರ ಉಳಿಯುತ್ತದೆ. ಹಳೆಯ ಹಾಳೆ ಎವರೆಸ್ಟ್ ದೀರ್ಘಗೋಳವನ್ನು ಆಧರಿಸಿದೆ, ಜಿಪಿಎಸ್ ಡಬ್ಲ್ಯುಜಿಎಸ್ 84 ಅನ್ನು ಆಧರಿಸಿದೆ.

ಆದ್ದರಿಂದ ಸ್ಕ್ಯಾನ್ ಮಾಡಿದ ನಕ್ಷೆಯೊಡನೆ ಮೂರು ಸಂಗತಿಗಳನ್ನು ಬರೆದಿಡಬೇಕು. ಮೊದಲನೆಯದು ವಂಶಾವಳಿ: ಹಾಳೆಯ ಸಂಖ್ಯೆ, ಸರ್ವೇ ನಡೆದ ವರ್ಷ, ಅಚ್ಚಾದ ವರ್ಷ, ಅಂಚಿನ ಟಿಪ್ಪಣಿಯ ಯಥಾಪ್ರತಿ, ಮಾಡಿದ ತಿದ್ದುಪಡಿ. ಎರಡನೆಯದು ನಿರ್ದೇಶಾಂಕ ವ್ಯವಸ್ಥೆ: ಮೂಲದ್ದು ಯಾವುದು, ಈಗಿನದು ಯಾವುದು (ಉದಾಹರಣೆಗೆ `EPSG:4326`), ನಡುವಿನ ಪರಿವರ್ತನೆಗೆ ಬಳಸಿದ ಮೌಲ್ಯಗಳು ಯಾವುವು. ಮೂರನೆಯದು ನಿಖರತೆ. ಹೊಂದಿಸಲು ಬಳಸಿದ ಬಿಂದುಗಳಲ್ಲಿ ಉಳಿದ ದೋಷವನ್ನಷ್ಟೇ ಬರೆದರೆ ನಮ್ಮನ್ನು ನಾವೇ ಹೊಗಳಿಕೊಂಡಂತೆ. ಬಳಸದೆ ಬಿಟ್ಟ ಕೆಲವು ದೇವಾಲಯ, ಸೇತುವೆಗಳ ಸ್ಥಾನವನ್ನು ಹೋಲಿಸಿ ಆ ಅಂತರವನ್ನು ಬರೆಯಬೇಕು. ಲ್ಯಾಂಬ್ಟನ್‌ನ ಸರ್ವೇ ತಂಡ ಬೆಂಗಳೂರಿನಲ್ಲಿ ಮಾಡಿದ್ದೂ ಇದನ್ನೇ.

ಎಷ್ಟು ಬರೆದರೂ ಒಂದು ಮಿತಿ ಉಳಿಯುತ್ತದೆ. ಮೈಲಿಗೆ ಒಂದು ಅಂಗುಲದ ಹಾಳೆಯಲ್ಲಿ ಅರ್ಧ ಮಿಲಿಮೀಟರಿನ ಗೆರೆ ನೆಲದ ಮೇಲೆ ಮೂವತ್ತು ಮೀಟರಿಗೂ ಹೆಚ್ಚನ್ನು ಆವರಿಸುತ್ತದೆ. ಕೆರೆಯಂಚಿನಲ್ಲಿ ಹತ್ತು ಮೀಟರು ಒತ್ತುವರಿಯಾಗಿದೆಯೇ ಎಂಬ ವಿವಾದವನ್ನು ಅಂತಹ ಹಾಳೆ ತೀರ್ಮಾನಿಸಲಾರದು. ಅಲ್ಲಿ ಕೆರೆಯೊಂದು ಇತ್ತು ಎಂಬುದನ್ನು ಮಾತ್ರ ದೃಢವಾಗಿ ಹೇಳಬಲ್ಲದು. ವಿವರಪತ್ರದಲ್ಲಿ ಈ ಎರಡನ್ನೂ ಬರೆದಿಟ್ಟರೆ, ಮುಂದೆ ಆ ನಕ್ಷೆಯನ್ನು ಹಿಡಿದು ನ್ಯಾಯ ಕೇಳಲು ಹೋಗುವವರಿಗೆ ತಮ್ಮ ಕೈಯಲ್ಲಿರುವ ಸಾಕ್ಷಿಯ ಬಲ ಎಷ್ಟೆಂದು ಮೊದಲೇ ತಿಳಿದಿರುತ್ತದೆ.