ಬಂಗಾರದಂಗ ಇರೋಣ

ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದ ಊರುಗಳಲ್ಲಿ ಬನ್ನಿ ಮುಡಿಯುತ್ತಾರೆ. ಬನ್ನಿಗಿಡದ ಪೂಜೆ ಮುಗಿಸಿ, ಮುಳ್ಳು ತಪ್ಪಿಸಿ ಕಿತ್ತ ಸಣ್ಣ ಎಲೆಗಳನ್ನು ಹಿಡಿದು ಮನೆಮನೆಗೆ ಹೋಗುತ್ತಾರೆ. ಕಿರಿಯರು ಹಿರಿಯರ ಕೈಗೆ ಎಲೆ ಇಟ್ಟು ಕಾಲು ಮುಟ್ಟಿ ನಮಸ್ಕರಿಸುತ್ತಾರೆ, ಹಿರಿಯರು ಒಂದೆರಡು ಎಲೆ ಅವರ ಕೈಗೂ ಇಡುತ್ತಾರೆ. ಆಡುವುದು ಒಂದೇ ಮಾತು: “ಬನ್ನಿ ತಗೊಂಡು ಬಂಗಾರದಂಗ ಇರೋಣ.” ಕೊಟ್ಟವರು ಹೇಳುವುದೂ ಅದೇ, ಮರಳಿ ಕೊಡುವವರು ಹೇಳುವುದೂ ಅದೇ. ಮಾತು ಬಿಟ್ಟವರು ಮತ್ತೆ ಮಾತು ಹಚ್ಚುವುದಕ್ಕೂ ಇದೇ ಸಂಜೆ. ಯಾಕೆ ಬಿಟ್ಟೆ, ಯಾರದು ತಪ್ಪು ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಮೊದಲು ಬಂದವನು ಸೋತವನೂ ಅಲ್ಲ, ಏಕೆಂದರೆ ಎದುರಿನವನೂ ಅದೇ ವಾಕ್ಯವನ್ನು ಹೇಳಬೇಕು.

ಈ ವಾಕ್ಯದ ಜೀವ ಬಂಗಾರದಲ್ಲಿಲ್ಲ, ‘ಇರೋಣ’ದಲ್ಲಿದೆ. ‘ಓಣ’ ಎಂಬ ಪ್ರತ್ಯಯ ಒಂದು ಕಾಲಕ್ಕೆ ‘ಮಾಡೋಣ’ ಎಂದರೆ ‘ಮಾಡುವುದು’ ಎಂಬ ಅರ್ಥದಲ್ಲೂ ಬಳಕೆಯಲ್ಲಿತ್ತು. ಕಂಪನಿ ನಾಟಕಗಳ ರಾಜಸಭೆಯಲ್ಲಿ ಕೇಳಿಬರುವ ‘ದಯಮಾಡಿಸೋಣವಾಗಲಿ’ಯಲ್ಲಿ ಅದು ಇನ್ನೂ ಉಳಿದಿದೆ. ಆಡುಮಾತಿನಲ್ಲಿ ಮಾತ್ರ ಅದು ನಾನು, ನೀನು ಇಬ್ಬರನ್ನೂ ಒಟ್ಟಿಗೆ ಹಿಡಿಯುವ ರೂಪವಾಯಿತು. ಹೋಗೋಣ, ಉಣ್ಣೋಣ, ಇರೋಣ. ಇದನ್ನು ಹೇಳಬೇಕಾದರೆ ಇಬ್ಬರಿರಬೇಕು. ‘ಹಾರ್ದಿಕ ಶುಭಾಶಯಗಳು’ ಎಂಬುದಕ್ಕೆ ಆ ಕಟ್ಟು ಇಲ್ಲ. ಅದರಲ್ಲಿ ಕ್ರಿಯಾಪದವೂ ಇಲ್ಲ, ಹೇಳುವವನೂ ಇಲ್ಲ. ಬ್ಯಾನರ್ ಮೇಲೂ ಅದೇ, ಅಂಗಡಿಯ ಕ್ಯಾಲೆಂಡರಿನ ಮೇಲೂ ಅದೇ. ಸಂಕ್ರಾಂತಿಯ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ನನಗೆ ಪ್ರಿಯವಾದ ಮಾತೇ, ಆದರೆ ಅದು ಎದುರಿನವರಿಗೆ ಹೇಳುವ ಬುದ್ಧಿಮಾತು.

ವರ್ಷಗಟ್ಟಲೆ ಮಾತಿಲ್ಲದವರಿಂದ ಹಬ್ಬದ ಸಂದೇಶ ಬಂದಾಗ ‘ಇರೋಣ’ದ ಬೆಲೆ ತಿಳಿಯುತ್ತದೆ. ನನ್ನ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಗದಗಿನಲ್ಲಿ ಅವರ ಜೊತೆ ಕಲಿಸುತ್ತಿದ್ದ ಕಿರಿಯ ಗೆಳತಿಯೊಬ್ಬಳಿದ್ದಳು. ಒಂದು ಚೀಟಿ ವ್ಯವಹಾರದಲ್ಲಿ ಇಬ್ಬರಿಗೂ ಮನಸ್ತಾಪವಾಗಿ ಮಾತು ನಿಂತಿತ್ತು. ಹೋದ ದಸರೆಗೆ ಆಕೆಯಿಂದ ವಾಟ್ಸಾಪಿನಲ್ಲಿ ಒಂದು ಸಾಲು ಬಂತು: “ಅಕ್ಕಾರ, ಬನ್ನಿ ತಗೊಂಡು ಬಂಗಾರದಂಗ ಇರೋಣ.”

ಅವರಿಗೆ ಮೊದಲು ಬಂದದ್ದು ಅನುಮಾನ. ಇದು ನನಗೇ ಬರೆದದ್ದೋ, ಎಲ್ಲರಿಗೂ ಹೋದದ್ದೋ? ಫಾರ್ವರ್ಡ್ ಎಂಬ ಗುರುತು ಇರಲಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಬಂದಿದ್ದರೆ ಗುರುತಿಲ್ಲದೆಯೂ ಬರಬಹುದು. ಆದರೆ ಕಳಿಸುವವರ ನಂಬರನ್ನು ನಾವು ನಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಅಂಥ ಸಂದೇಶ ನಮಗೆ ಮುಟ್ಟುತ್ತದೆ. ಹಾಗಾಗಿ ಅದು ನೂರು ಜನಕ್ಕೆ ಹೋದದ್ದೇ ಆಗಿರಲಿ, ಆಕೆ ಇವರ ನಂಬರು ಅಳಿಸಿರಲಿಲ್ಲ, ಇವರೂ ಆಕೆಯದನ್ನು ಅಳಿಸಿರಲಿಲ್ಲ. ಉತ್ತರ ಬರೆಯಲು ಅಷ್ಟು ಸಾಕು.

ಅವರು ಮೊದಲು ಟೈಪ್ ಮಾಡಿದ್ದು ‘ನಿಮಗೂ ದಸರಾ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು. ನೋಡಲು ಸಭ್ಯವಾಗಿದೆ. ಆದರೆ ಮೊದಲೆಲ್ಲ ಆಕೆಯನ್ನು ‘ನೀ’ ಎನ್ನುತ್ತಿದ್ದವರು ಈಗ ‘ನಿಮಗೂ’ ಎಂದರೆ ಬಾಗಿಲು ಅರ್ಧ ಮುಚ್ಚಿದಂತೆಯೇ. ‘ನಿನಗೂ’ ಎಂದು ತಿದ್ದಿದರೆ ಇಷ್ಟು ವರ್ಷಗಳ ಮೇಲೆ ಆ ಸಲುಗೆ ಉಳಿದಿದೆಯೋ ಇಲ್ಲವೋ ಎಂಬ ಅಳುಕು. ನಡುವೆ ಮೌನ ಬೆಳೆದಾಗ ನಮ್ಮ ಭಾಷೆಯಲ್ಲಿ ಮೊದಲು ಕಾಲಿಗೆ ತೊಡರುವುದು ಈ ನೀನು–ನೀವು. ‘ಇರೋಣ’ದಲ್ಲಿ ಈ ತೊಡಕಿಲ್ಲ. ಅದರೊಳಗೆ ನೀನೂ ಇಲ್ಲ, ನೀವೂ ಇಲ್ಲ, ಇಬ್ಬರೂ ಇದ್ದಾರೆ.

ಅವರು ಎರಡನೆಯ ಸಲ ಬರೆದದ್ದು ಉದ್ದವಾಯಿತು. ‘ಏನ ಅಪರೂಪ! ಇಷ್ಟ ವರ್ಷದ ಮ್ಯಾಲೆ ನೆನಪಾತೇನು? ಅವ್ವ ಹೆಂಗದಾರ? ಆ ಚೀಟಿ ವಿಷಯದಾಗ ನಂದೇನೂ...’ ಎಂದು ಸಾಗಿತ್ತು. ಅಪರೂಪ ಎಂಬುದು ಪ್ರೀತಿಯ ಮಾತಾದರೂ ಬರಹದಲ್ಲಿ ಚುಚ್ಚುತ್ತದೆ, ಧ್ವನಿ ಇಲ್ಲದೆ ಅದು ದೂರಿನಂತೆ ಕೇಳುತ್ತದೆ. ಅವ್ವನ ಬಗ್ಗೆ ಕೇಳುವುದು ಇನ್ನೂ ಕಷ್ಟ. ನಡುವಿನ ವರ್ಷಗಳಲ್ಲಿ ಆ ಅವ್ವ ತೀರಿಕೊಂಡಿದ್ದರೆ ಹಬ್ಬದ ದಿನ ಆಕೆ ಅದನ್ನು ಬರೆದು ತಿಳಿಸಬೇಕು. ಹಳೆಯ ಪತ್ರಗಳಲ್ಲಿ ‘ಉಭಯ ಕುಶಲೋಪರಿ’ ಎಂದು ಬರೆಯುತ್ತಿದ್ದರಲ್ಲ, ಅದರಲ್ಲಿ ಹೆಸರು ಹಿಡಿದು ವಿಚಾರಿಸದೆಯೇ ಎಲ್ಲರೂ ಕ್ಷೇಮವೆಂದು ಹಾರೈಸುವ ಜಾಣ್ಮೆ ಇತ್ತು. ಚೀಟಿಯ ಮಾತಂತೂ ಆ ಸಂಜೆಗೆ ಸೇರಿದ್ದೇ ಅಲ್ಲ.

ಕೊನೆಗೆ ಅವರು ಕಳಿಸಿದ್ದು ಇಷ್ಟು: “ತಂಗಿ, ಬನ್ನಿ ಮುಟ್ಟಿತು. ಬಂಗಾರದಂಗ ಇರೋಣ. ಸಾಲಿ ಮುಂದಿನ ಬನ್ನಿಗಿಡ ನೆನಪಾತು.” ಬಂದ ಸಂಬೋಧನೆಗೆ ತಕ್ಕ ಸಂಬೋಧನೆ, ಅದೇ ವಾಕ್ಯ, ಜೊತೆಗೆ ತಮ್ಮದೇ ಒಂದು ಮಾತು. ಆ ಮೂರನೆಯ ಮಾತು ಪ್ರಶ್ನೆಯಲ್ಲ, ಅದಕ್ಕೆ ಆಕೆ ಉತ್ತರ ಬರೆಯಲೇಬೇಕೆಂದಿಲ್ಲ. ಆದರೆ ಆಕೆ ಮತ್ತು ಇವರನ್ನು ಬಿಟ್ಟು ಬೇರಾರೂ ಅದನ್ನು ಬರೆಯಲಾರರು.

ಬನ್ನಿ ಬಂಗಾರವಾದದ್ದಕ್ಕೆ ಜನ ಹೇಳುವ ಕತೆಯಲ್ಲೂ ಈ ಅಳತೆಯೇ ಇದೆ. ಗುರುದಕ್ಷಿಣೆಗೆಂದು 14 ಕೋಟಿ ಹೊನ್ನು ಬೇಡಲು ಕೌತ್ಸ ರಘುವಿನ ಬಳಿ ಬಂದ, ಕುಬೇರ ಬನ್ನಿಗಿಡದ ಮೇಲೆ ಹೊನ್ನಿನ ಮಳೆ ಸುರಿಸಿದ ಎನ್ನುತ್ತಾರೆ. ಕಾಳಿದಾಸನ ‘ರಘುವಂಶ’ದ ಐದನೆಯ ಸರ್ಗದಲ್ಲಿ ಆ ಹೊನ್ನು ಬೀಳುವುದು ಅರಸನ ಭಂಡಾರದಲ್ಲಿ. ಅಲ್ಲಿ ರಘು ಕೇಳಿದ್ದಕ್ಕಿಂತ ಹೆಚ್ಚು ಕೊಡಲು ನಿಂತರೆ, ಕೌತ್ಸ ಗುರುವಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಮುಟ್ಟಲೊಲ್ಲ. ಊರ ಜನ ಇಬ್ಬರನ್ನೂ ಮೆಚ್ಚುತ್ತಾರೆ. ಹಬ್ಬದ ಉತ್ತರವೂ ಹಾಗೆ, ಬಂದದ್ದಕ್ಕಿಂತ ಒಂದು ಮಾತು ಹೆಚ್ಚು ಕೊಡಬೇಕು, ಬಂದದ್ದಕ್ಕಿಂತ ಹೆಚ್ಚನ್ನು ಅದರಿಂದ ತೆಗೆಯಬಾರದು. ಒಂದು ಸಾಲು ಬಂದ ಮಾತ್ರಕ್ಕೆ ಫೋನು ಮಾಡುವುದು, ಮನೆಗೆ ಬರುತ್ತೇನೆನ್ನುವುದು ಅವಸರವಾಗುತ್ತದೆ.

ಸಾವಾದ ಕೆಲವು ಮನೆಗಳಲ್ಲಿ ಆ ವರ್ಷ ಹಬ್ಬವೇ ಇರುವುದಿಲ್ಲ. ಆಗ ಸುಮ್ಮನಿದ್ದರೆ ಆಚೆಯವರು ಅದನ್ನು ಸಿಟ್ಟೆಂದುಕೊಳ್ಳುತ್ತಾರೆ. “ಈ ವರ್ಷ ನಮಗ ಹಬ್ಬ ಇಲ್ಲ, ಅಪ್ಪ ಹೋದ್ರು. ನಿನ್ನ ಬನ್ನಿ ಮುಟ್ಟೇತಿ” ಎಂದರೆ ಸಾಕು, ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.

ಎಲ್ಲರಿಗೂ ‘ಇರೋಣ’ ಎನ್ನಲಾಗುವುದಿಲ್ಲ ಎಂಬುದೂ ನಿಜ. ಮೋಸ ಮಾಡಿದವರು, ಮನೆ ಒಡೆದವರು ಇರುತ್ತಾರೆ. ಅವರೊಡನೆ ಒಂದೇ ಕ್ರಿಯಾಪದದಲ್ಲಿ ಕೂರಲು ಮನಸ್ಸು ಒಪ್ಪದಿದ್ದರೆ ‘ಒಳ್ಳೇದಾಗ್ಲಿ’ ಎನ್ನಬಹುದು. ‘ಆಗಲಿ’ಯಲ್ಲಿ ನಾವಿರುವುದಿಲ್ಲ, ಅವರಿಗೆ ಕೆಡುಕನ್ನೂ ಬಯಸಿರುವುದಿಲ್ಲ. ಅದೂ ಬಾರದಿದ್ದರೆ ಉತ್ತರ ಕೊಡಬೇಕೆಂಬ ಋಣವೇನಿಲ್ಲ. ಮನಸ್ಸಿಲ್ಲದೆ ‘ಇರೋಣ’ ಎನ್ನುವುದಕ್ಕಿಂತ ಅದೇ ವಾಸಿ.

ಉಳಿದವರಿಗೆ ಅಂದೇ ಉತ್ತರಿಸಿ. ಚೆನ್ನಾಗಿ ಬರೆಯೋಣವೆಂದು ನಾಳೆಗೆ ಇಟ್ಟುಕೊಂಡರೆ ತಡವಾದದ್ದಕ್ಕೆ ಕಾರಣ ಹೇಳಬೇಕಾಗುತ್ತದೆ, ಆಮೇಲೆ ಕಾರಣ ಹೇಳಲು ಸಂಕೋಚವಾಗಿ ಉತ್ತರವೇ ಹೋಗುವುದಿಲ್ಲ. ಮಾತು ಸಿಗದಿದ್ದರೆ ಬಂದ ವಾಕ್ಯವನ್ನೇ ತಿರುಗಿ ಕಳಿಸಿ. ಬನ್ನಿಯ ಸಂಜೆ ಊರೆಲ್ಲ ಹಾಗೆಯೇ ಮಾಡುತ್ತದೆ.