ಮೊದಲ ಪರಿಚಯದ ವ್ಯಾಪಾರ ಇಮೇಲ್

ಮಾರಾಟಗಾರನೊಬ್ಬ ಹಿಂದೆ ಗುರುತಿಲ್ಲದ ಸಣ್ಣ ಉದ್ಯಮದ ಮಾಲಕರಿಗೆ ತನ್ನ ಸರಕನ್ನೋ ಸೇವೆಯನ್ನೋ ಪರಿಚಯಿಸಿ ಬರೆಯುವ ಚಿಕ್ಕ ಪತ್ರ. ಒಂದೇ ಓದಿಗೆ ಮುಗಿಯಬೇಕು, ಬೇಡ ಎನ್ನುವುದೂ ಸುಲಭವಾಗಿರಬೇಕು. ಮಾಲಕರ ಕೆಲಸದಲ್ಲಿ ಬರೆಯುವವನು ನಿಜವಾಗಿ ಕಂಡ ಯಾವುದಾದರೂ ಒಂದು ಸಂಗತಿಯ ಮೇಲೆ ಇಂಥ ಪತ್ರ ನಿಲ್ಲುತ್ತದೆ. ಅದಿಲ್ಲದಿದ್ದರೆ ಅದು ಸಾವಿರಾರು ಜನರಿಗೆ ಹೋಗುವ ಜಾಹೀರಾತಾಗುತ್ತದೆ. ಅಂಥ ಜಾಹೀರಾತಿನ ಮೊದಲ ಉದಾಹರಣೆಯೆಂದು ಹೇಳುವುದು 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ತುರ್ಕ್ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಕಳಿಸಿದ ಪತ್ರವನ್ನು. ಅದರಿಂದ ಕಂಪನಿಗೆ ಗಿರಾಕಿಗಳು ಸಿಕ್ಕರು, ಜೊತೆಗೆ ದೂರುಗಳೂ ಬಂದವು.

ಬೆಳಗಾವಿ ನಗರ ಮತ್ತು ಖಾನಾಪುರದ ನಡುವೆ ಸುಮಾರು 25 ಕಿ.ಮೀ. ದೂರ. ನಗರದ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಸಣ್ಣ ವರ್ಕ್‌ಶಾಪುಗಳೂ ಇವೆ. ಖಾನಾಪುರ ಹಂಚು ಮತ್ತು ಕುಂಬಾರಿಕೆಗೆ ಹೆಸರಾದ ಊರು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲೇ. ನಗರದಲ್ಲಿ ರಟ್ಟಿನ ಬಾಕ್ಸ್ ಮಾಡುವವರೊಬ್ಬರು ಖಾನಾಪುರದ ಗಡಿಗೆ ವ್ಯಾಪಾರಿಗೆ ಬರೆಯುತ್ತಾರೆಂದು ಇಟ್ಟುಕೊಂಡರೆ ಪತ್ರ ಹೀಗಿರಬಹುದು:

ವಿಷಯ: ಗೋವಾಕ್ಕೆ ಹೋಗುವ ಗಡಿಗೆಗಳ ಪ್ಯಾಕಿಂಗ್

ನಮಸ್ಕಾರ್ರಿ. ಕಳೆದ ವಾರ ನಿಮ್ಮ ಅಂಗಡಿಯಲ್ಲಿ ಎರಡು ನೀರಿನ ಗಡಿಗೆ ತೊಗೊಂಡೆ. ಗೋವಾದ ಗಾಡಿಗೆ ಮಾಲನ್ನು ಭತ್ತದ ಹುಲ್ಲಿನಲ್ಲಿ ಕಟ್ಟುತ್ತಿದ್ದುದನ್ನು ಆಗ ನೋಡಿದೆ. ನಾವು ಉದ್ಯಮಬಾಗದಲ್ಲಿ ರಟ್ಟಿನ ಬಾಕ್ಸ್ ಮಾಡುತ್ತೇವೆ. ಒಂದು ಗಡಿಗೆಯ ಕಂಠ ಇನ್ನೊಂದಕ್ಕೆ ತಾಗದಂತೆ ಒಳಗೆ ಅಡ್ಡಪಟ್ಟಿ ಇರುವ ಐದು ಪದರದ ಬಾಕ್ಸ್ ಮಾಡಿಕೊಡಬಹುದು. ಕನಿಷ್ಠ ಆರ್ಡರ್ 50. ನಿಮ್ಮ ಗಡಿಗೆಯ ಅಳತೆಗೆ ಎರಡು ಬಾಕ್ಸ್ ಕಳಿಸಲೇನ್ರಿ? ಅವಕ್ಕೆ ಹಣ ಬೇಡ, ಮುಂದಿನ ಲೋಡಿನಲ್ಲಿ ಹಾಕಿ ನೋಡಿರಿ. ಬೇಡವಾದರೆ ಹಾಗೆಂದು ಒಂದು ಮಾತು ಬರೆಯಿರಿ, ಮತ್ತೆ ತೊಂದರೆ ಕೊಡುವುದಿಲ್ಲ.

ಕೊನೆಗೆ ಬರೆದವರ ಹೆಸರು, ಕಾರ್ಖಾನೆಯ ವಿಳಾಸ, ಫೋನ್ ನಂಬರ್ ಇರುತ್ತವೆ. ಮಾಲಕರು ಖುದ್ದು ಬಂದು ನೋಡಬಹುದಾದ ವಿಳಾಸವಿದ್ದರೆ ಅರ್ಧ ಸಂಶಯ ಅಲ್ಲೇ ಕಳೆಯುತ್ತದೆ.

ಈ ಪತ್ರ "ನಿಮ್ಮ ಗಡಿಗೆಗಳು ಒಡೆಯುತ್ತಿವೆ" ಎನ್ನುವುದಿಲ್ಲ. ಬರೆದವರು ಒಡೆದದ್ದನ್ನು ಕಂಡಿಲ್ಲ, ಹುಲ್ಲು ಕಟ್ಟುವುದನ್ನಷ್ಟೇ ಕಂಡಿದ್ದಾರೆ. ನಷ್ಟದ ಲೆಕ್ಕ ಮಾಲಕರಿಗೇ ಗೊತ್ತು, ಅದನ್ನು ಹೊರಗಿನವರು ಹೇಳಿದರೆ ಅವಮಾನವೆನಿಸುತ್ತದೆ. ಭೇಟಿಗೆ ಸಮಯವನ್ನೂ ಕೇಳಿಲ್ಲ. ಅಂಗಡಿಯಲ್ಲಿ ಒಬ್ಬರೇ ಕೂರುವ ಮಾಲಕರಿಗೆ ಅರ್ಧ ಗಂಟೆಯ ಮಾತುಕತೆ ಎಂದರೆ ಅರ್ಧ ಗಂಟೆಯ ವ್ಯಾಪಾರ ಹೋದಂತೆ. ಹೂಂ ಅಥವಾ ಬೇಡ ಎಂದು ಮುಗಿಸಬಹುದಾದ ಒಂದೇ ಪ್ರಶ್ನೆ ಇಲ್ಲಿದೆ. ಕನಿಷ್ಠ ಆರ್ಡರನ್ನು ಮೊದಲೇ ಹೇಳಿದ್ದು ಬಹಳ ಸರಿ, ಏಕೆಂದರೆ ಸಾವಿರ ಬಾಕ್ಸ್ ಒಮ್ಮೆಗೇ ಕೊಳ್ಳಬೇಕಾದೀತೆಂಬ ಹೆದರಿಕೆಯಿಂದಲೇ ಸಣ್ಣ ವ್ಯಾಪಾರಿ ಇಂಥ ಪತ್ರಗಳನ್ನು ಮುಚ್ಚಿಬಿಡುತ್ತಾರೆ.

ಆದರೂ ಇದು ಎಲ್ಲ ಗಡಿಗೆ ವ್ಯಾಪಾರಿಗಳಿಗೆ ಹೊಂದುವ ಪತ್ರವಲ್ಲ. ಊರ ಸಂತೆಯಲ್ಲೇ ಮಾರುವವರಿಗೆ ಹುಲ್ಲೇ ಸಾಕು, ಬಾಕ್ಸಿನ ಖರ್ಚು ಲಾಭವನ್ನೇ ತಿಂದುಹಾಕುತ್ತದೆ. ಮಾಲನ್ನು ದೂರ ಕಳಿಸುವವರಿಗೆ ಮಾತ್ರ ಬರೆಯಬೇಕು. ಸಮಯವನ್ನೂ ನೋಡಬೇಕು. ಖಾನಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ಹಸಿ ಮಡಕೆ ಬಿಸಿಲಿಗೆ ಒಣಗುವುದಿಲ್ಲ. ನೀರಿನ ಗಡಿಗೆಗೆ ಬೇಡಿಕೆ ಏರುವುದು ಬೇಸಿಗೆಯಲ್ಲಿ. ಆದ್ದರಿಂದ ಡಿಸೆಂಬರ್ ಹೊತ್ತಿಗೆ ಬರೆದರೆ ಒಂದೆರಡು ಲೋಡಿನಲ್ಲಿ ಪರೀಕ್ಷಿಸಲು ಮಾಲಕರಿಗೆ ಪುರಸೊತ್ತಿರುತ್ತದೆ. ಏಪ್ರಿಲ್‌ನಲ್ಲಿ ಬಂದ ಅದೇ ಪತ್ರವನ್ನು ಓದಲು ಯಾರಿಗೂ ವೇಳೆ ಇರುವುದಿಲ್ಲ.

ಭಾಷೆಯ ಆಯ್ಕೆಯೂ ಇಲ್ಲಿ ಮುಖ್ಯ. ಈ ಭಾಗದಲ್ಲಿ ಕನ್ನಡದ ಜೊತೆಗೆ ಮರಾಠಿ, ಕೊಂಕಣಿ, ಉರ್ದು ಮನೆಮಾತಿನವರಿದ್ದಾರೆ. ಮಾಲಕರು ತಮ್ಮ ವ್ಯವಹಾರದ ಪತ್ರಗಳಲ್ಲಿ ಬಳಸುವ ಭಾಷೆಯಲ್ಲೇ ಬರೆಯುವುದು ಮರ್ಯಾದೆ.

ಉತ್ತರ ಬರಲಿಲ್ಲವೆಂದರೆ ಪತ್ರ ಕೆಟ್ಟದೆಂದೇ ಅರ್ಥವಲ್ಲ. ಸಣ್ಣ ಉದ್ಯಮಗಳ ಜಿಎಸ್‌ಟಿ ನೋಂದಣಿಯಲ್ಲಿರುವ ಇಮೇಲ್ ಎಷ್ಟೋ ಸಲ ತೆರಿಗೆ ಸಲಹೆಗಾರರದು, ಪತ್ರ ಮಾಲಕರಿಗೆ ತಲುಪುವುದೇ ಇಲ್ಲ. ಹಾಗಾಗಿ ವಿಳಾಸವನ್ನು ಅಂಗಡಿಯಲ್ಲೇ ಕೇಳಿ ಪಡೆಯುವುದು ಒಳ್ಳೆಯದು. "ರೇಟ್ ಎಷ್ಟು?" ಎಂಬ ಮರುಪ್ರಶ್ನೆ ಬಂದರೆ ಪತ್ರ ಗುರಿ ಮುಟ್ಟಿದೆ. "ನೀವು ಯಾರು, ಏನು ಬೇಕು?" ಎಂದು ಬಂದರೆ ಮೊದಲ ಎರಡು ಸಾಲುಗಳು ಸ್ಪಷ್ಟವಾಗಿಲ್ಲ. ಒಂದೇ ಪತ್ರವನ್ನು ಹೆಸರು ಬದಲಿಸಿ ರಾಶಿ ರಾಶಿಯಾಗಿ ಕಳಿಸಿದರೆ ಓದುಗರು ಅದನ್ನು ಸ್ಪ್ಯಾಮ್ ಎಂದು ಗುರುತಿಸುತ್ತಾರೆ. ಆಮೇಲೆ ಅದೇ ವಿಳಾಸದಿಂದ ಹೋಗುವ ಬಿಲ್ಲು, ಕೊಟೇಶನ್ನುಗಳೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗುತ್ತವೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರ ಮೇಲೆ ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದೆಂದು ಜಿಮೇಲ್ 2024ರ ಫೆಬ್ರವರಿಯಿಂದ ನಿಯಮ ಮಾಡಿದೆ.

ಎರಡು ವಾರ ಬಿಟ್ಟು ಒಂದು ನೆನಪಿನ ಪತ್ರ ಬರೆಯಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಆ ವಿಳಾಸವನ್ನು ಪಟ್ಟಿಯಿಂದ ತೆಗೆಯಬೇಕು.