ಕನ್ನಡ ವಿಳಾಸಗಳ ಸ್ಥಳಾಂತರ: ಜಾಲತಾಣದ ಮರುವಿನ್ಯಾಸದಲ್ಲಿ ಶೀರ್ಷಿಕೆ, ವಿವರಣೆ ಮತ್ತು ರೀಡೈರೆಕ್ಟ್

ಜಾಲತಾಣ ಹೊಸ ರೂಪಕ್ಕೆ ಬಂದಾಗ ಪುಟಗಳ ವಿಳಾಸ ಬದಲಾದರೆ, ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಬೇಕು. ಪುಟ ಶಾಶ್ವತವಾಗಿ ಸ್ಥಳಾಂತರಗೊಂಡಿದೆ ಎಂದು ಸರ್ವರ್ ಹೇಳುವ ಸಂಕೇತವದು. ಈ ನಿಯಮ ಎಲ್ಲರಿಗೂ ಗೊತ್ತು. ಆದರೂ ಕನ್ನಡ ಲಿಪಿಯ ವಿಳಾಸಗಳಿರುವ ತಾಣಗಳಲ್ಲಿ ನಿಯಮ ಬರೆದಿದ್ದರೂ ಅದು ಕೆಲಸಕ್ಕೆ ಬಾರದೆ, ಗಳಿಸಿದ್ದ ಶೋಧ ಸ್ಥಾನ ಕುಸಿಯಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ವಿಳಾಸಗಳು ಸರ್ವರಿನ ಲೆಕ್ಕದಲ್ಲಿ ಬೇರೆಬೇರೆ ಆಗಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಉದಾಹರಣೆಗೆ, ಕೃಷಿ ತಾಣವೊಂದರಲ್ಲಿ `/ಕೃಷಿ/ಅಡಿಕೆ-ಕೊಳೆ-ರೋಗ` ಎಂಬ ಪುಟವಿದೆ ಎಂದಿಟ್ಟುಕೊಳ್ಳೋಣ. ಹೊಸ ವಿನ್ಯಾಸದಲ್ಲಿ ಅದು `/krishi/adike-kole-roga` ಆಗಬೇಕು. ಕನ್ನಡದ ಪ್ರತಿಯೊಂದು ಯೂನಿಕೋಡ್ ಘಟಕಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರವಾಗುತ್ತದೆ. ಹೀಗೆ 'ಕ' ಎಂಬುದು `%E0%B2%95` ಆಗುತ್ತದೆ. 'ಅಡಿಕೆ-ಕೊಳೆ-ರೋಗ' ಎಂಬ ತುಣುಕಿನಲ್ಲಿ 12 ಘಟಕಗಳೂ ಎರಡು ಅಡ್ಡಗೆರೆಗಳೂ ಇವೆ. ಒಟ್ಟು ಉದ್ದ 110 ಅಕ್ಷರ. ವರ್ಡ್‌ಪ್ರೆಸ್ ಈ ತುಣುಕಿಗೆ ಕೊಡುವ ಜಾಗ 200 ಅಕ್ಷರ ಮಾತ್ರ. ಅಂದರೆ ಸುಮಾರು 22 ಘಟಕಗಳಾದ ಮೇಲೆ ತಲೆಬರಹ ತುಂಡಾಗುತ್ತದೆ. ಮೊದಲ ಭಾಗ ಒಂದೇ ಇರುವ ಎರಡು ಉದ್ದ ತಲೆಬರಹಗಳಿದ್ದರೆ ಎರಡನೆಯದರ ಕೊನೆಗೆ `-2` ಸೇರುತ್ತದೆ. ಆದ್ದರಿಂದ ತಲೆಬರಹ ನೋಡಿ ಹಳೆಯ ವಿಳಾಸವನ್ನು ಊಹಿಸುವಂತಿಲ್ಲ. ಅದನ್ನು ದತ್ತಾಂಶ ಕೋಶದ `post_name` ಕಲಮಿನಿಂದ, ಸರ್ವರ್ ಲಾಗ್‌ನಿಂದ ಮತ್ತು ಸರ್ಚ್ ಕನ್ಸೋಲ್‌ನಿಂದಲೇ ತೆಗೆಯಬೇಕು.

ಈ ಮೂರು ಪಟ್ಟಿಗಳನ್ನು ಜೋಡಿಸುವಾಗ ಇನ್ನೊಂದು ತೊಡಕು. ವರ್ಡ್‌ಪ್ರೆಸ್ `%e0` ಎಂದು ಸಣ್ಣಕ್ಷರದಲ್ಲಿ ಉಳಿಸಿರುತ್ತದೆ, ಬ್ರೌಸರ್ `%E0` ಎಂದು ಕಳುಹಿಸುತ್ತದೆ. ಅರ್ಥ ಒಂದೇ, ಆದರೆ ಅಕ್ಷರಕ್ಕಕ್ಷರ ಹೋಲಿಸಿದರೆ ತಾಳೆಯಾಗುವುದಿಲ್ಲ. 'ರೋ'ದಲ್ಲಿನ ಓಕಾರ ಒಂದೇ ಘಟಕವಾಗಿರಬಹುದು, ಇಲ್ಲವೇ ಮೂರಾಗಿ ಒಡೆದಿರಬಹುದು. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಒಡೆದ ರೂಪವನ್ನೇ ಉಳಿಸುತ್ತಿತ್ತು. 'ಕೊ', 'ರೋ' ಎರಡೂ ಒಡೆದರೆ ನಮ್ಮ 110 ಅಕ್ಷರಗಳ ತುಣುಕು 137ಕ್ಕೆ ಏರುತ್ತದೆ, ಪರದೆಯ ಮೇಲೆ ಮಾತ್ರ ಕಿಂಚಿತ್ತೂ ವ್ಯತ್ಯಾಸವಿಲ್ಲ. ಹೋಲಿಸುವ ಮುನ್ನ ಎಲ್ಲ ಪಟ್ಟಿಗಳನ್ನೂ ಡಿಕೋಡ್ ಮಾಡಿ, ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಆದರೆ ಒಡೆದ ರೂಪಕ್ಕೂ ನಿಜವಾಗಿ ಭೇಟಿ ಬರುತ್ತಿದೆಯೆಂದು ಲಾಗ್ ತೋರಿಸಿದರೆ ಅದಕ್ಕೊಂದು ಪ್ರತ್ಯೇಕ ನಿಯಮ ಬೇಕು.

ಅಪಾಚೆ ಸರ್ವರ್ ತನ್ನ ನಿಯಮವನ್ನು ಡಿಕೋಡ್ ಆದ ವಿಳಾಸದ ಮೇಲೆ ಪ್ರಯೋಗಿಸುತ್ತದೆ. ಶೇಕಡಾ ಚಿಹ್ನೆಗಳಿರುವ ವಿಳಾಸವನ್ನು ಹಾಗೆಯೇ ತಂದು ಅಂಟಿಸಿದ ನಿಯಮಕ್ಕೆ ಏನೂ ಸಿಗುವುದಿಲ್ಲ, ಅದು ದೋಷವನ್ನೂ ತೋರಿಸುವುದಿಲ್ಲ. ಯುಟಿಎಫ್-8ರಲ್ಲಿ ಉಳಿಸಿದ `.htaccess` ಕಡತದಲ್ಲಿ, ವರ್ಡ್‌ಪ್ರೆಸ್‌ನ ಸಾಲುಗಳಿಗಿಂತ ಮೇಲೆ, ಕನ್ನಡದಲ್ಲೇ ಬರೆಯಬೇಕು:

```
RewriteEngine On
RewriteRule ^ಕೃಷಿ/ಅಡಿಕೆ-ಕೊಳೆ-ರೋಗ/?$ /krishi/adike-kole-roga [R=301,L]
```

ಪ್ರತಿ ಹಳೆಯ ವಿಳಾಸಕ್ಕೆ ಅದರದೇ ಹೊಸ ಪುಟ ಸಿಗಬೇಕು. ಎಲ್ಲವನ್ನೂ ಮುಖಪುಟಕ್ಕೆ ತಳ್ಳುವುದು ಸುಲಭವೇನೋ ಹೌದು, ಆದರೆ ಅಂಥವನ್ನು ಗೂಗಲ್ 'ಪುಟವೇ ಇಲ್ಲ' ಎಂಬಂತೆ ಎಣಿಸಬಹುದು. ಆಗ ಹಳೆಯ ಗಳಿಕೆ ಹೊಸ ಪುಟಕ್ಕೆ ದಾಟುವುದಿಲ್ಲ.

ಶೀರ್ಷಿಕೆ ಮತ್ತು ವಿವರಣೆಯ ಕಥೆ ಬೇರೆ. ಯೋಸ್ಟ್ ಪ್ಲಗಿನ್ ಬಳಸಿದ ತಾಣದಲ್ಲಿ ಸಂಪಾದಕರು ಕೈಯಾರೆ ಬರೆದ ಶೀರ್ಷಿಕೆ, ವಿವರಣೆಗಳು ಲೇಖನದ ಪಠ್ಯದೊಳಗೆ ಇರುವುದಿಲ್ಲ. `_yoast_wpseo_title`, `_yoast_wpseo_metadesc` ಎಂಬ ಹೆಸರಿನಲ್ಲಿ ಪಕ್ಕದ ಕೋಷ್ಟಕದಲ್ಲಿರುತ್ತವೆ. ಹೊಸ ವ್ಯವಸ್ಥೆಗೆ ಪಠ್ಯವನ್ನಷ್ಟೇ ಸಾಗಿಸಿದರೆ ಇವು ಹಿಂದೆ ಉಳಿಯುತ್ತವೆ. 'ಅಡಿಕೆ ಕೊಳೆ ರೋಗ: ಬೋರ್ಡೋ ದ್ರಾವಣ ತಯಾರಿ, ಸಿಂಪಡಣೆ' ಎಂದಿದ್ದ ಶೀರ್ಷಿಕೆಯ ಜಾಗದಲ್ಲಿ ಹೊಸ ಅಚ್ಚು ಬರೀ 'ಕೃಷಿ' ಎಂದು ಹಾಕಿದರೆ, ರೀಡೈರೆಕ್ಟ್ ಸರಿಯಿದ್ದರೂ ಬೋರ್ಡೋ ದ್ರಾವಣ ಹುಡುಕುವ ರೈತನಿಗೆ ಆ ಪುಟ ಮೊದಲಿನಷ್ಟು ಸುಲಭವಾಗಿ ಸಿಗಲಾರದು. ವಿವರಣೆಗೆ ಶ್ರೇಯಾಂಕದಲ್ಲಿ ನೇರ ಪಾತ್ರವಿಲ್ಲ. ಅದು ಕಳೆದರೆ ಕ್ಲಿಕ್‌ಗಳು ತಗ್ಗಬಹುದು. ನಾವು ಕೊಟ್ಟ ಶೀರ್ಷಿಕೆಯನ್ನು ಗೂಗಲ್ ಬದಲಿಸಿ ತೋರಿಸುವುದೂ ಉಂಟು. ಹಾಗಾಗಿ ತಾಳೆ ನೋಡಬೇಕಾದದ್ದು ಶೋಧ ಫಲಿತಾಂಶವನ್ನಲ್ಲ, ಹಳೆಯ ಮತ್ತು ಹೊಸ ಪುಟಗಳ ಮೂಲ ಎಚ್‌ಟಿಎಂಎಲ್ ಅನ್ನು. ಶೀರ್ಷಿಕೆ ಸುಧಾರಿಸುವ ಆಸೆಯಿದ್ದರೆ ಸ್ಥಳಾಂತರ ನೆಲೆಗೊಂಡ ಮೇಲೆ ಮಾಡುವುದು ಲೇಸು. ಎರಡನ್ನೂ ಒಟ್ಟಿಗೆ ಮಾಡಿದರೆ, ಕುಸಿತಕ್ಕೆ ಯಾವುದು ಕಾರಣವೆಂದು ಹೇಳಲು ಯಾರಿಂದಲೂ ಆಗದು.

ಸ್ಥಳಾಂತರದ ದಿನ `curl -sIL` ಆಜ್ಞೆಯಿಂದ ಪ್ರತಿ ಹಳೆಯ ವಿಳಾಸವನ್ನೂ ಪರೀಕ್ಷಿಸಿದಾಗ ಒಂದು 301, ಅದರ ಬೆನ್ನಿಗೆ ಒಂದು 200 ಬರಬೇಕು. ಎರಡು ಮೂರು 301ಗಳ ಸರಪಳಿ ಕಂಡರೆ ನಡುವಿನ ಕೊಂಡಿಗಳನ್ನು ತೆಗೆಯಬೇಕು. ಮುಂದಿನ ವಾರಗಳಲ್ಲಿ ಸರ್ಚ್ ಕನ್ಸೋಲ್‌ನಲ್ಲಿ ಹಳೆಯ ವಿಳಾಸದ ಕ್ಲಿಕ್ ಸಂಖ್ಯೆ ಇಳಿದು ಹೊಸದರದ್ದು ಏರಬೇಕು. ಹಳೆಯದು ಇಳಿದೂ ಹೊಸದು ಏರದಿದ್ದರೆ ಮೊದಲು ನಿಯಮವನ್ನು, ಆಮೇಲೆ ಶೀರ್ಷಿಕೆಯನ್ನು ನೋಡಬೇಕು. ಆದರೆ ಕೊಳೆ ರೋಗ ಮುಂಗಾರಿನ ರೋಗ. ಅದರ ಹುಡುಕಾಟವೂ ಮಳೆಯ ಜೊತೆಗೇ ಏರಿಳಿಯುವುದು ಸಹಜ. ಜುಲೈಯನ್ನು ಡಿಸೆಂಬರಿನೊಂದಿಗೆ ಹೋಲಿಸಿದರೆ ಇಲ್ಲದ ಕುಸಿತ ಕಾಣುತ್ತದೆ. ಕಳೆದ ವರ್ಷದ ಅದೇ ತಿಂಗಳೊಂದಿಗೇ ಹೋಲಿಸಬೇಕು. ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿಯನ್ನಷ್ಟೇ ಇಟ್ಟುಕೊಳ್ಳುವುದರಿಂದ ಅದನ್ನು ಮೊದಲೇ ಇಳಿಸಿಕೊಂಡಿರಬೇಕು. ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷವಾದರೂ ಉಳಿಸಿ ಎಂಬುದು ಗೂಗಲ್‌ನ ಸಲಹೆ. ಹಳೆಯ ಕೊಂಡಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರತಿ ಮಳೆಗಾಲಕ್ಕೂ ಮತ್ತೆ ಹರಿದಾಡಬಲ್ಲ ಇಂಥ ಪುಟಕ್ಕೆ ಆ ಅವಧಿ ಸಾಲದು. ತಾಣ ಇರುವಷ್ಟು ಕಾಲವೂ ನಿಯಮ ಇರಲಿ ಎಂಬುದು ನನ್ನ ನಿಲುವು.